ಆಡಿಯೋ ಬಂದಿದೆ, ಓದೋಕೆ ಅಕ್ಷರ ಇಲ್ಲ: ದೂರು ವಿಭಾಗದವರಿಗೆ ದೋಷ ನಿವಾರಣೆ ಕೈಪಿಡಿ

ಫ್ರಿಜ್, ವಾಷಿಂಗ್ ಮಷೀನ್ ರಿಪೇರಿಯ ದೂರುಗಳನ್ನು ಆನ್‌ಲೈನ್‌ನಲ್ಲಿ ತಗೊಳ್ಳುವ ಸರ್ವಿಸ್ ಸೆಂಟರ್‌ಗಳಲ್ಲಿ ಈ ತೊಂದರೆ ಮೇಲಿಂದ ಮೇಲೆ ಬರುತ್ತದೆ. ಗ್ರಾಹಕರು ದೂರು ಬರೆಯುವ ಬದಲು ವಾಟ್ಸಾಪ್ ವಾಯ್ಸ್ ನೋಟ್ ಅಪ್‌ಲೋಡ್ ಮಾಡುತ್ತಾರೆ. ದೂರು ವಿಂಗಡಿಸುವ ಸಾಫ್ಟ್‌ವೇರ್ ಓದುವುದು ಅಕ್ಷರ ಮಾತ್ರ. ಟೆಕ್ನಿಷಿಯನ್ ಕೈಗೆ ಹೋಗುವ ಜಾಬ್ ಶೀಟ್, ಸ್ಪೇರ್ ಪಾರ್ಟ್ ಕೋರಿಕೆ ಎಲ್ಲವೂ ಆ ಅಕ್ಷರದಿಂದಲೇ ತಯಾರಾಗುತ್ತವೆ. ದೂರು ಬಂದಿರುತ್ತದೆ, ಆದರೆ ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಕಂಪ್ಯೂಟರ್‌ನಲ್ಲಿ ದೋಷ ಪತ್ತೆ ಮಾಡುವುದು ಇದರಲ್ಲಿ ಸುಲಭದ ಭಾಗ. ಗ್ರಾಹಕರಿಗೆ ಏನು ಹೇಳುತ್ತೇವೆ ಎನ್ನುವುದೇ ಕಷ್ಟ. ಹೇಳುವ ಒಂದು ಪದ ತಪ್ಪಿದರೆ ಅವರು ಅದೇ ಆಡಿಯೋವನ್ನು ಬೇರೆ ಬೇರೆ ರೂಪದಲ್ಲಿ ಕಳಿಸುತ್ತಾ ದಿನ ಕಳೆಯುತ್ತಾರೆ. ಅದಕ್ಕೇ ಇಲ್ಲಿ ಉತ್ತರ ಬರೆಯುವುದರ ಬಗ್ಗೆ ಜಾಸ್ತಿ ಹೇಳಿದ್ದೇನೆ.

ಹೇಗೆ ಕಾಣುತ್ತದೆ

ಪಟ್ಟಿಯಲ್ಲಿ ಹೆಸರು, ಊರು, ಫೋನ್ ನಂಬರ್ ಸರಿಯಾಗಿರುತ್ತವೆ. "ತೊಂದರೆ ಏನು" ಎಂಬ ಜಾಗ ಖಾಲಿ ಇರುತ್ತದೆ, ಇಲ್ಲವೇ "ಆಡಿಯೋದಲ್ಲಿ ಹೇಳಿದ್ದೇನೆ" ಎಂದಷ್ಟೇ ಇರುತ್ತದೆ. ಫೈಲ್ ಒಂದು ಅಂಟಿಕೊಂಡಿದೆ, ಅದರಿಂದ ಸಿಕ್ಕ ಅಕ್ಷರಗಳ ಸಂಖ್ಯೆ ಸೊನ್ನೆ. ಅತ್ತ ಗ್ರಾಹಕರ ಫೋನಿನಲ್ಲಿ "ನಿಮ್ಮ ದೂರು ಸ್ವೀಕರಿಸಲಾಗಿದೆ" ಎಂದು ಬಂದುಬಿಟ್ಟಿರುತ್ತದೆ. ಅವರು ಟೆಕ್ನಿಷಿಯನ್ ಬರುತ್ತಾರೆ ಅಂತ ಕಾಯುತ್ತಿರುತ್ತಾರೆ. ಇಲ್ಲಿ ಯಾವ ಎಚ್ಚರಿಕೆಯೂ ಬರದೆ ದೂರು ಸುಮ್ನೆ ಕೂತಿರುತ್ತದೆ. ಹಾಗಾಗಿ ಪ್ರತಿ ಬೆಳಿಗ್ಗೆ ಪಟ್ಟಿಯಲ್ಲಿ "ಫೈಲ್ ಇದೆ, ಅಕ್ಷರ ಸೊನ್ನೆ" ಎಂಬ ದೂರುಗಳನ್ನು ಬೇರೆ ಮಾಡಿ ನೋಡುವುದು ಮೊದಲ ಕೆಲಸ.

ಅದು ನಿಜವಾಗಿ ಆಡಿಯೋನಾ?

ಅಕ್ಷರ ಸೊನ್ನೆ ಬಂದ ಮಾತ್ರಕ್ಕೆ ಅದು ಆಡಿಯೋ ಎಂದುಕೊಳ್ಳಬೇಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಸೊನ್ನೆ ತೋರಿಸುತ್ತದೆ, ಯಾಕೆಂದರೆ ಅದರೊಳಗೆ ಇರುವುದು ಅಕ್ಷರದ ಚಿತ್ರ. ಫೈಲಿನ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. "txt ಮಾತ್ರ ತಗೊಳ್ಳುತ್ತೆ" ಅಂತ ಯಾರೋ ಹೇಳಿದ್ದನ್ನು ಕೇಳಿ, ಮನೆಯವರು ಆಡಿಯೋ ಫೈಲಿನ ಹೆಸರಿನ ಕೊನೆಗೆ `.txt` ಸೇರಿಸಿ ಕಳಿಸಿರುತ್ತಾರೆ.

ಹೆಸರು ಬಿಟ್ಟು ಒಳಗಿನ ಮೊದಲ ಕೆಲವು ಅಕ್ಷರ ನೋಡಿ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಹೀಗೆ:

```
file PTT-20250311-WA0004.opus
```

ಉತ್ತರ `Ogg data, Opus audio` ಎಂದು ಶುರುವಾದರೆ ಅನುಮಾನವೇ ಬೇಡ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಹೀಗೆ ನೋಡಬಹುದು:

```
Format-Hex .\PTT-20250311-WA0004.opus | Select-Object -First 4
```

ಬಲಗಡೆ ಕಾಲಂನಲ್ಲಿ `OggS`, ಸ್ವಲ್ಪ ಮುಂದೆ ಎರಡು ಸಾಲಿಗೆ ಒಡೆದುಕೊಂಡು `OpusHead` ಕಾಣುತ್ತದೆ. ವಾಟ್ಸಾಪ್ ವಾಯ್ಸ್ ನೋಟ್‌ನ ಗುರುತು ಇದು. ಫೋನಿನ ರೆಕಾರ್ಡರ್‌ನಿಂದ ಬಂದ m4a ಆದರೆ ಶುರುವಿನಲ್ಲೇ `ftyp` ಇರುತ್ತದೆ (ವಿಡಿಯೋದಲ್ಲೂ ಇದೇ ಇರುತ್ತದೆ, ನಮ್ಮ ಮಟ್ಟಿಗೆ ಎರಡೂ ಒಂದೇ). ವೇವ್ ಫೈಲಿನಲ್ಲಿ `RIFF`, ಎಂಪಿ3ಯಲ್ಲಿ ಹೆಚ್ಚಿನ ಸಲ `ID3`. ಪಿಡಿಎಫ್ ಆದರೆ `%PDF`, ವರ್ಡ್‌ನ docx ಫೈಲ್ ಆದರೆ `PK`.

ಕನ್ನಡದ ದೂರುಗಳಲ್ಲಿ ಇನ್ನೊಂದು ಗೊಂದಲ ಉಂಟು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಬಂದರೆ ತೆರೆಯ ಮೇಲೆ `PÀ£ÀßqÀ` ಎಂಬಂಥ ಸಾಲುಗಳು ಬರುತ್ತವೆ. ನೋಡಿದ ತಕ್ಷಣ "ಏನೋ ಕೆಟ್ಟ ಫೈಲ್, ಆಡಿಯೋ ಇರಬೇಕು" ಅನ್ನಿಸುತ್ತದೆ. ಆದರೆ ಅದು "ಕನ್ನಡ" ಎಂಬ ಪದವೇ. ಯೂನಿಕೋಡ್‌ಗೆ ಪರಿವರ್ತಿಸಿದರೆ ಪೂರ್ತಿ ಓದಲು ಬರುತ್ತದೆ. ಗುರುತು ಹಿಡಿಯುವುದು ಸುಲಭ: ನುಡಿ ಪಠ್ಯದಲ್ಲಿ ಪದಗಳ ನಡುವೆ ಜಾಗ ಇರುತ್ತದೆ, ಸಾಲು ಮುಗಿಯುತ್ತದೆ, `À` ಎಂಬ ಗುರುತು ಪದೇ ಪದೇ ಬರುತ್ತದೆ. ಆಡಿಯೋ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪದವೂ ಇಲ್ಲ, ಸಾಲೂ ಇಲ್ಲ, ಒಂದೇ ರಾಶಿ. ಇಂಥ ಪತ್ರ ಬರೆದವರಿಗೆ "ಆಡಿಯೋ ಕಳಿಸಬೇಡಿ" ಎಂದು ಉತ್ತರ ಹೋದರೆ ಅವರಿಗೆ ಎಷ್ಟು ಬೇಜಾರಾಗಬಹುದು ಯೋಚಿಸಿ.

ಇನ್ನೊಂದು ಮೋಸ ಇದೆ. ಕೆಲವು ಆಡಿಯೋ ಫೈಲ್‌ಗಳೊಳಗೆ ಹೆಸರು, ದಿನಾಂಕ, ರೆಕಾರ್ಡ್ ಮಾಡಿದ ಆ್ಯಪ್‌ನ ಗುರುತು ಅಕ್ಷರದಲ್ಲೇ ಇರುತ್ತವೆ. ಸಾಫ್ಟ್‌ವೇರ್ ಅದನ್ನು ಹೆಕ್ಕಿ "3 ಪದ ಸಿಕ್ಕಿತು" ಎನ್ನಬಹುದು. ಅದು ಲೇಬಲ್ ಮಾತ್ರ, ಒಳಗಿನ ಮಾತಲ್ಲ. ಫೈಲಿನ ಹೆಸರು "fridge gas complaint" ಎಂದಿದ್ದರೂ ಅಷ್ಟರಿಂದ ಗ್ಯಾಸ್ ಹೋಗಿದೆ ಎಂದು ಬರೆದುಕೊಳ್ಳಬಾರದು. ಆ ಊಹೆ ಜಾಬ್ ಶೀಟ್‌ಗೆ ಹೋದರೆ ಟೆಕ್ನಿಷಿಯನ್ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋಗುತ್ತಾನೆ, ಬೇಕಾದ ಪಾರ್ಟ್ ಮಾತ್ರ ಅವನ ಬಳಿ ಇರುವುದಿಲ್ಲ.

"ಫಾರ್ಮ್ಯಾಟ್ ಸರಿಯಿಲ್ಲ" ಎನ್ನಬೇಡಿ

ಸಾಮಾನ್ಯವಾಗಿ ಹೋಗುವ ಉತ್ತರ ಇದು: "ಫೈಲ್ ಫಾರ್ಮ್ಯಾಟ್ ಬೆಂಬಲಿತವಾಗಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ." ಇದನ್ನು ಓದಿದ ಗ್ರಾಹಕರು ಏನು ಮಾಡುತ್ತಾರೆ? ಫಾರ್ಮ್ಯಾಟ್ ಬದಲಾಯಿಸುತ್ತಾರೆ. ಅದು ಅವರ ತಪ್ಪಲ್ಲ, ನಾವು ಹೇಳಿದ್ದೇ ಅದು.

ಆಗ opus ಹೋಗಿ mp3 ಬರುತ್ತದೆ. ಅದೂ ಆಗಲಿಲ್ಲ ಅಂದರೆ ಮಗನ ಹತ್ತಿರ ಹೇಳಿ wav ಮಾಡಿಸುತ್ತಾರೆ. ಎರಡು ನಿಮಿಷದೊಳಗಿನ ವಾಯ್ಸ್ ನೋಟ್ ಮೊದಲು ಕಾಲು ಎಂಬಿಯಷ್ಟು ಇರುತ್ತದೆ. ಅದೇ ಮಾತು 48,000 ಹರ್ಟ್ಸ್ ಸ್ಟೀರಿಯೋ ವೇವ್ ಆದರೆ 20 ಎಂಬಿ ದಾಟಬಹುದು. ಈಗ "ಫೈಲ್ ತುಂಬಾ ದೊಡ್ಡದು" ಎಂಬ ಹೊಸ ಸಂದೇಶ ಬರುತ್ತದೆ. ಗ್ರಾಹಕರಿಗೆ ಈಗ ತೊಂದರೆ ಸೈಜಿನದ್ದು ಎನಿಸುತ್ತದೆ. ನಿಜವಾದ ತೊಂದರೆಯಿಂದ ಅವರು ಎರಡು ಹೆಜ್ಜೆ ದೂರ ಹೋದರು.

"ಆಡಿಯೋ ಸ್ಪಷ್ಟವಾಗಿಲ್ಲ" ಎನ್ನುವುದು ಇನ್ನೂ ಕೆಟ್ಟದು. ಯಾರೂ ಕೇಳಿಯೇ ಇಲ್ಲದಿದ್ದಾಗ ಅದು ಸುಳ್ಳು. ಗ್ರಾಹಕರು ಮತ್ತೆ ಬಾಗಿಲು ಹಾಕಿಕೊಂಡು, ಫ್ಯಾನ್ ಆಫ್ ಮಾಡಿ, ನಿಧಾನವಾಗಿ ಮತ್ತೊಂದು ರೆಕಾರ್ಡಿಂಗ್ ಮಾಡಿ ಕಳಿಸುತ್ತಾರೆ. ಅದನ್ನೂ ಯಾರೂ ಕೇಳುವುದಿಲ್ಲ.

ಹಾಗಾಗಿ ಉತ್ತರದಲ್ಲಿ ಮೂರು ಸಂಗತಿ ನೇರವಾಗಿ ಇರಬೇಕು. ನಿಮ್ಮ ಆಡಿಯೋವನ್ನು ಇಲ್ಲಿ ಯಾರೂ ಕೇಳಿಲ್ಲ. ಇಲ್ಲಿ ಬರೆದ ಅಕ್ಷರ ಮಾತ್ರ ಓದಲಾಗುತ್ತದೆ, ಯಾವ ರೂಪದ ಧ್ವನಿಯೂ ಆಗುವುದಿಲ್ಲ, ಆದ್ದರಿಂದ ಬದಲಾಯಿಸಿ ಕಳಿಸುವ ಶ್ರಮ ಬೇಡ. ನಿಮ್ಮ ಫೈಲ್ ಕೆಟ್ಟಿಲ್ಲ, ನೀವು ತಪ್ಪು ಮಾಡಿಲ್ಲ. ಇದಾದ ತಕ್ಷಣ, ಅದೇ ಸಂದೇಶದಲ್ಲಿ, ಮುಂದೇನು ಮಾಡಬೇಕು ಎನ್ನುವುದು ಬರಬೇಕು. "ಆಗುವುದಿಲ್ಲ" ಎಂಬಲ್ಲಿಗೇ ಉತ್ತರ ನಿಂತರೆ ದೂರು ಅಲ್ಲಿಗೇ ನಿಂತಂತೆ.

"ಯಾರಾದರೂ ಒಬ್ಬರು ಹೆಡ್‌ಫೋನ್ ಹಾಕಿ ಕೇಳಿದರಾಯ್ತು ಅಲ್ವಾ?" ಎಂಬ ಪ್ರಶ್ನೆ ಸಹಜ. ಕೇಳಿ ಬರೆದುಕೊಳ್ಳಲು ಜನ ನೇಮಿಸಿದ್ದರೆ ಖಂಡಿತ ಹಾಗೆ ಮಾಡಿ, ಗ್ರಾಹಕರಿಗೂ ಹಾಗೇ ಹೇಳಿ. ನೇಮಿಸಿಲ್ಲದಿದ್ದರೆ "ಕೇಳಿ ತಿಳಿಸುತ್ತೇವೆ" ಎಂಬ ಮಾತು ಕೊಡಬೇಡಿ. ಬಿಡುವಿದ್ದಾಗ ಯಾರೋ ಕೇಳಿ, ಬಿಡುವಿಲ್ಲದಾಗ ಬಿಟ್ಟರೆ, ಯಾವ ದೂರು ಓದಲಾಗಿದೆ ಯಾವುದು ಇಲ್ಲ ಎಂಬ ಲೆಕ್ಕವೇ ತಪ್ಪುತ್ತದೆ.

ಒಂದು ದೂರು, ಮೊದಲಿಂದ ಕೊನೆವರೆಗೆ

ತಿಪಟೂರು ಕಡೆಯಿಂದ ಒಬ್ಬ ಅಮ್ಮ ಫ್ರಿಜ್ ದೂರು ಕೊಟ್ಟಿದ್ದಾರೆ ಎಂದುಕೊಳ್ಳಿ. ಫೈಲ್ ವಾಟ್ಸಾಪ್ ವಾಯ್ಸ್ ನೋಟ್, 1 ನಿಮಿಷ 50 ಸೆಕೆಂಡ್. ತೊಂದರೆಯ ಜಾಗದಲ್ಲಿ "ಇದರಲ್ಲಿ ಎಲ್ಲಾ ಇದೆ" ಎಂದಿದೆ. ಒಳಗೆ ನೋಡಿದಾಗ `OggS`. ಅಂದರೆ ಆಡಿಯೋ ಖಚಿತ. ಹೋಗಬೇಕಾದ ಉತ್ತರ ಹೀಗಿರಲಿ:

"ನಮಸ್ಕಾರ ಅಮ್ಮ. ನಿಮ್ಮ ಫ್ರಿಜ್ ದೂರಿನ ಜೊತೆ ವಾಯ್ಸ್ ರೆಕಾರ್ಡಿಂಗ್ ಬಂದಿದೆ. ನಮ್ಮಲ್ಲಿ ಬರೆದ ದೂರನ್ನು ಮಾತ್ರ ಓದಲು ಆಗುತ್ತದೆ, ಆದ್ದರಿಂದ ನೀವು ಹೇಳಿರುವುದನ್ನು ಇನ್ನೂ ಯಾರೂ ಕೇಳಿಲ್ಲ. ನಿಮ್ಮ ರೆಕಾರ್ಡಿಂಗ್ ಸರಿಯಾಗಿಯೇ ಇದೆ, ಅದನ್ನು ಬೇರೆ ಥರ ಮಾಡಿ ಮತ್ತೆ ಕಳಿಸುವುದು ಬೇಡ. ಈ ನಾಲ್ಕಕ್ಕೆ ಎರಡೆರಡು ಪದದಲ್ಲಿ ಬರೆದು ಕಳಿಸಿ: ತಣ್ಣಗಾಗುತ್ತಾ ಇಲ್ವಾ? ಯಾವಾಗಿಂದ? ಏನಾದರೂ ಸದ್ದು ಬರುತ್ತಾ? ಸ್ಟೆಬಿಲೈಸರ್ ಇದೆಯಾ? ಟೈಪ್ ಮಾಡೋದು ಕಷ್ಟ ಆದರೆ ಕೀಬೋರ್ಡ್‌ನಲ್ಲಿರುವ ಮೈಕ್ ಗುರುತು ಒತ್ತಿ ಹೇಳಿ, ಅದೇ ಅಕ್ಷರ ಮಾಡಿಕೊಳ್ಳುತ್ತದೆ. ರೆಕಾರ್ಡಿಂಗ್ ನಿಮ್ಮ ಫೋನಿನಲ್ಲೇ ಇರಲಿ, ಟೆಕ್ನಿಷಿಯನ್ ಬಂದಾಗ ಕೇಳಿಸಬಹುದು."

ಇಲ್ಲಿ ಪೂರ್ತಿ ಎರಡು ನಿಮಿಷದ ಮಾತನ್ನು ಬರೆಯಿರಿ ಎಂದು ಕೇಳಿಲ್ಲ, ಗಮನಿಸಿ. ದೂರು ವಿಂಗಡಿಸಲು ಬೇಕಾದ್ದು ನಾಲ್ಕೇ ವಿಷಯ. ಆಡಿಯೋ ಬಂದ ಕೂಡಲೇ "ಇದನ್ನು ಪೂರ್ತಿ ಬರೆಸಬೇಕು" ಎಂದು ಯೋಚಿಸುವುದಕ್ಕಿಂತ "ಇದರಿಂದ ನಮಗೆ ಏನು ಬೇಕು" ಎಂದು ಕೇಳಿಕೊಂಡರೆ ಹೆಚ್ಚಿನ ದೂರುಗಳು ಇಷ್ಟರಲ್ಲೇ ಮುಗಿಯುತ್ತವೆ.

ಅಮ್ಮನ ಉತ್ತರ: "ಹೋದ ಶುಕ್ರವಾರದಿಂದ ತಣ್ಣಗಾಗ್ತಿಲ್ಲ. ಸದ್ದು ಬರ್ತದೆ, ಅದನ್ನೇ ರೆಕಾರ್ಡ್ ಮಾಡಿದ್ದು. ಸ್ಟೆಬಿಲೈಸರ್ ಇಲ್ಲ."

ಅಂದರೆ ರೆಕಾರ್ಡಿಂಗ್‌ನಲ್ಲಿ ಮುಖ್ಯವಾಗಿ ಇದ್ದದ್ದು ಅವರ ಮಾತಲ್ಲ, ಫ್ರಿಜ್ಜಿನ ಸದ್ದು. ಇಂಥ ಕಡೆ ಮಾತನ್ನು ಅಕ್ಷರ ಮಾಡುವ ಯಾವ ಉಪಾಯವೂ ಕೆಲಸಕ್ಕೆ ಬರುವುದಿಲ್ಲ. ವಾಯ್ಸ್ ಟೈಪಿಂಗ್‌ಗೆ ಸದ್ದು ಕೇಳಿಸಿದರೆ ಅದು ಏನನ್ನೂ ಬರೆಯುವುದಿಲ್ಲ, ಇಲ್ಲವೇ ಸಂಬಂಧವಿಲ್ಲದ ಪದ ಬರೆಯುತ್ತದೆ. ಸದ್ದನ್ನು ಮಾತಿನಲ್ಲಿ ವರ್ಣಿಸಿಕೊಳ್ಳಬೇಕು. ಪುಣ್ಯಕ್ಕೆ ಕನ್ನಡದಲ್ಲಿ ಸದ್ದಿಗೆ ಪದಗಳ ಬರ ಇಲ್ಲ. ಎರಡನೇ ಸಂದೇಶ ಹೀಗೆ: "ಅಮ್ಮ, ಸದ್ದು ಹೇಗಿದೆ? ಟಕ್ ಅನ್ನುತ್ತಾ, ಗುಂಯ್ ಅನ್ನುತ್ತಾ, ಕರಕರ ಅನ್ನುತ್ತಾ? ಬಿಡದೆ ಬರುತ್ತಾ, ಬಿಟ್ಟು ಬಿಟ್ಟು ಬರುತ್ತಾ? ಬಿಟ್ಟು ಬಂದರೆ ಎಷ್ಟು ಹೊತ್ತಿಗೊಮ್ಮೆ?"

"ಟಕ್ ಅಂತದೆ, ಆಮೇಲೆ ಗುಂಯ್ ಅಂತ ಸ್ವಲ್ಪ ಹೊತ್ತು, ಮತ್ತೆ ಟಕ್ ಅಂತ ನಿಲ್ತದೆ. ಐದು ನಿಮಿಷ ಬಿಟ್ಟು ಮತ್ತೆ ಅದೇ."

ಈ ಎರಡು ಸಾಲು ಬಂದರೆ ಸಾಕು. ಕಂಪ್ರೆಸರ್ ಸ್ಟಾರ್ಟ್ ಆಗಲು ನೋಡುತ್ತಿದೆ, ಆಗದೆ ಓವರ್‌ಲೋಡ್ ಪ್ರೊಟೆಕ್ಟರ್ ಬಿಸಿಯಾಗಿ ಕರೆಂಟ್ ಕಡಿಯುತ್ತಿದೆ, ತಣ್ಣಗಾದ ಮೇಲೆ ಮತ್ತೆ ಅದೇ ಸುತ್ತು. ರಿಲೇ ಹೋಗಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು, ಕಂಪ್ರೆಸರ್ ಜಾಮ್ ಆಗಿರಬಹುದು. ಜಾಬ್ ಶೀಟ್‌ನಲ್ಲಿ ರಿಲೇ, ಓವರ್‌ಲೋಡ್ ಎರಡನ್ನೂ ತಗೊಂಡು ಹೋಗಲು ಬರೆಯಬಹುದು. ಮೊದಲು ವೋಲ್ಟೇಜ್ ನೋಡಲು ಹೇಳಬಹುದು, ಸ್ಟೆಬಿಲೈಸರ್ ಬೇರೆ ಇಲ್ಲ ಅಲ್ವಾ. ಅಮ್ಮನಿಗೆ ಅಲ್ಲಿಯವರೆಗೆ ಫ್ರಿಜ್ ಆಫ್ ಮಾಡಿಡಲು ತಿಳಿಸಬೇಕು, ಕಂಪ್ರೆಸರ್ ಹೀಗೆ ಒದ್ದಾಡುತ್ತಾ ಇದ್ದರೆ ಸುಟ್ಟುಹೋಗುವ ಅಪಾಯವಿದೆ. ಅದೇ ಅವರು "ಕರಕರ, ಬಿಡದೆ ಬರ್ತದೆ, ಬಾಗಿಲು ತೆಗೆದರೆ ನಿಲ್ತದೆ" ಎಂದಿದ್ದರೆ ದಾರಿ ಬೇರೆ. ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ಅದು ಐಸ್‌ಗೆ ಫ್ಯಾನ್ ತಾಗುವ ಸದ್ದು ಆಗಿರುವ ಸಾಧ್ಯತೆ ಜಾಸ್ತಿ.

ಬರೆದ ಸದ್ದಿಗೂ ಮಿತಿ ಇದೆ. ರಿಲೇ ಹೋಗಿದೆಯೋ ಕಂಪ್ರೆಸರ್ರೇ ಹೋಗಿದೆಯೋ ಎಂದು ಇದರಿಂದ ತೀರ್ಮಾನ ಮಾಡಲಾಗದು. ಆದ್ದರಿಂದ ಜಾಬ್ ಶೀಟ್‌ನಲ್ಲಿ "ಗ್ರಾಹಕರು ವರ್ಣಿಸಿದ ಸದ್ದು" ಎಂದೇ ಬರೆಯಿರಿ, ಸದ್ದು ಕೇಳಿದವರ ಹಾಗೆ "ರಿಲೇ ದೋಷ" ಎಂದು ಬರೆಯಬೇಡಿ. ಖರ್ಚು ಎಷ್ಟಾಗುತ್ತದೆ ಎಂದೂ ಈಗಲೇ ಹೇಳಬೇಡಿ.

ಮಾತನ್ನೇ ಅಕ್ಷರ ಮಾಡಬೇಕಾದಾಗ

ಕೆಲವು ಸಲ ನಾಲ್ಕು ಉತ್ತರ ಸಾಲುವುದಿಲ್ಲ. ಹೋದ ಸಲ ಬಂದ ಟೆಕ್ನಿಷಿಯನ್ ಏನು ಹೇಳಿದ, ಎಷ್ಟು ದುಡ್ಡು ಕೇಳಿದ ಎಂಬ ಜಗಳ ಇದ್ದು, ಆ ಮಾತುಕತೆಯನ್ನೇ ಗ್ರಾಹಕರು ರೆಕಾರ್ಡ್ ಮಾಡಿ ಕಳಿಸಿರುತ್ತಾರೆ. ಆಗ ಮಾತು ಮಾತಾಗಿಯೇ ಅಕ್ಷರಕ್ಕೆ ಬರಬೇಕು.

ಮೊದಲು ಎಲ್ಲರಿಗೂ ಹೊಳೆಯುವುದು ಸ್ಪೀಕರ್‌ನಲ್ಲಿ ಆಡಿಯೋ ಹಾಕಿ, ಪಕ್ಕದಲ್ಲಿ ಇನ್ನೊಂದು ಫೋನಿನ ಮೈಕ್ ಆನ್ ಮಾಡುವುದು. ಇದು ಹೆಚ್ಚಾಗಿ ಕೈಕೊಡುತ್ತದೆ. ಸ್ಪೀಕರ್‌ನಿಂದ ಬರುವ ಸದ್ದು ಕೋಣೆಯಲ್ಲಿ ಅನುರಣಿಸುತ್ತದೆ, ಇಬ್ಬರ ಮಾತು ಒಂದರ ಮೇಲೊಂದು ಬೀಳುತ್ತದೆ, ಮಾತಿನ ನಡುವೆ ಬಿಡುವು ಬಂದರೆ ಕೀಬೋರ್ಡ್ ಮೈಕ್ ನಿಂತುಹೋಗುತ್ತದೆ. ಇದಕ್ಕಿಂತ ಒಳ್ಳೆಯದು: ಇಯರ್‌ಫೋನ್‌ನಲ್ಲಿ ಒಂದು ಸಾಲು ಕೇಳಿ, ನಿಲ್ಲಿಸಿ, ಅದನ್ನೇ ನಿಮ್ಮ ಬಾಯಲ್ಲಿ ಮೈಕ್‌ಗೆ ಹೇಳುವುದು. ಒಂದೇ ಧ್ವನಿ, ಹತ್ತಿರದ ಮೈಕ್, ಸದ್ದಿಲ್ಲದ ಕೋಣೆ. ಜಿಬೋರ್ಡ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಇದೆ. ಕಂಪ್ಯೂಟರ್ ಇದ್ದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು Ctrl+Shift+S ಒತ್ತಿ, ಭಾಷೆ ಕನ್ನಡ ಆರಿಸಿಕೊಳ್ಳಿ. ಪೂರ್ಣವಿರಾಮ, ಪ್ರಶ್ನೆ ಗುರುತು ಆಮೇಲೆ ನೀವೇ ಹಾಕಬೇಕು.

ಬಂದ ಪಠ್ಯವನ್ನು ಹಾಗೇ ಕಳಿಸದಂತೆ ಗ್ರಾಹಕರಿಗೆ ಹೇಳಿ. ಎರಡು ಜಾಗ ಮತ್ತೆ ಕೇಳಿ ನೋಡಬೇಕು. ಒಂದು, ಅಂಕಿಗಳು. ಎಪ್ಪತ್ತು ಎಂಬತ್ತು, ಹದಿನೈದು ಹದಿನೇಳು ಸುಲಭವಾಗಿ ಅದಲುಬದಲಾಗುತ್ತವೆ. ಹಣದ ಮೊತ್ತ, ದಿನಾಂಕ, ಮಾಡೆಲ್ ನಂಬರ್ ಕೈಯಿಂದಲೇ ಟೈಪ್ ಮಾಡುವುದು ಒಳ್ಳೆಯದು. ಇನ್ನೊಂದು, ಕ್ರಿಯಾಪದದ ಕೊನೆ. "ಬೇರೆ ಹಾಕಿ ಕೊಡಲ್ಲ" ಎಂದು ಟೆಕ್ನಿಷಿಯನ್ ಹೇಳಿದ್ದು "ಬೇರೆ ಹಾಕಿ ಕೊಡಲಾ" ಎಂದು ಅಕ್ಷರಕ್ಕೆ ಬಂದರೆ ಜಗಳದ ತಿರುಳೇ ತಿರುಗಿ ಹೋಗುತ್ತದೆ. ಮಾತಾಡುವಾಗ ಕೊನೆಯ ಅಕ್ಷರ ನುಂಗುವುದು ನಮ್ಮಲ್ಲಿ ಸಾಮಾನ್ಯ, ಯಂತ್ರ ಎಡವುವುದೂ ಅಲ್ಲೇ.

ರೆಕಾರ್ಡಿಂಗ್ ಉದ್ದವಿದ್ದರೆ ಮನೆಯಲ್ಲಿ ಟೈಪಿಂಗ್ ಬರುವವರು ವಿಎಲ್‌ಸಿ ಪ್ಲೇಯರ್‌ನಲ್ಲಿ ವೇಗ ತಗ್ಗಿಸಿ ಬರೆದುಕೊಳ್ಳಬಹುದು. `[` ಕೀ ಒತ್ತಿದರೆ ನಿಧಾನವಾಗುತ್ತದೆ, `]` ಒತ್ತಿದರೆ ವೇಗವಾಗುತ್ತದೆ. ಯಾರು ಮಾತಾಡಿದ್ದು ಎಂದು ಸಾಲಿನ ಮೊದಲು ಬರೆಯಲಿ. ಕೇಳಿಸದ ಕಡೆ ಊಹಿಸಿ ತುಂಬದೆ "ಕೇಳಿಸಲಿಲ್ಲ, 2:14" ಎಂದು ಸಮಯ ಹಾಕಲಿ. ಹತ್ತು ನಿಮಿಷದ ಮಾತಿಗೆ ಮುಕ್ಕಾಲು ಗಂಟೆಯಾದರೂ ಬೇಕಾದೀತು, ಇದನ್ನು ಮೊದಲೇ ತಿಳಿಸಿ. ಅಷ್ಟು ಪುರುಸೊತ್ತಿಲ್ಲ ಎಂದವರಿಗೆ ಜಗಳ ಇರುವ ಒಂದು ನಿಮಿಷವನ್ನಷ್ಟೇ ಬರೆದು, ಅದು ಎಷ್ಟನೇ ನಿಮಿಷದಲ್ಲಿದೆ ಎಂದು ಸೇರಿಸಲು ಹೇಳಿ. ಮೂಲ ರೆಕಾರ್ಡಿಂಗ್ ಅಳಿಸಬಾರದು. ಬರೆದದ್ದರ ಮೇಲೆ ತಕರಾರು ಬಂದರೆ ತೋರಿಸಲು ಇರುವುದು ಅದೊಂದೇ.

ಟೈಪಿಂಗ್, ಮೈಕ್ ಎರಡೂ ಆಗದವರೂ ಇರುತ್ತಾರೆ. ಅಕ್ಷರ ಬಾರದ ಹಿರಿಯರು ವಾಯ್ಸ್ ನೋಟ್ ಕಳಿಸುವುದು ಸೋಮಾರಿತನದಿಂದ ಅಲ್ಲ, ಅವರಿಗೆ ಇರುವ ದಾರಿ ಅದೇ. ಬರೆದ ಉತ್ತರವನ್ನೂ ಅವರು ಓದಲಾರರು. ಅವರಿಗೆ ಸಂದೇಶ ಕಳಿಸದೆ ಫೋನ್ ಮಾಡಿ, ಅದೇ ನಾಲ್ಕು ಪ್ರಶ್ನೆ ಕೇಳಿ, ನೀವೇ ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ "ಸರಿ ಇದೆಯಾ?" ಎಂದು ಕೇಳಿ.

ಪುಟದಲ್ಲೇ ಸರಿಪಡಿಸುವುದು

ಅಪ್‌ಲೋಡ್ ಪುಟದಲ್ಲಿ ಯಾವ ಫೈಲ್ ಆರಿಸಬಹುದು ಎಂದು ಮಿತಿ ಹಾಕಬಹುದು:

```
<input type="file" accept=".txt,.pdf,.docx">
```

ಇದು ಫೈಲ್ ಆರಿಸುವ ಪಟ್ಟಿಯನ್ನಷ್ಟೇ ಸೋಸುತ್ತದೆ. "ಎಲ್ಲಾ ಫೈಲ್" ಆರಿಸಿದವರನ್ನು, ಹೆಸರು ಬದಲಿಸಿದವರನ್ನು ತಡೆಯುವುದಿಲ್ಲ. ಸರ್ವರ್‌ನಲ್ಲಿ ಒಳಗಿನ ಮೊದಲ ಅಕ್ಷರಗಳನ್ನು ನೋಡುವ ಪರೀಕ್ಷೆ ಬೇಕೇ ಬೇಕು. ಆಡಿಯೋ ಎಂದು ಗೊತ್ತಾದಾಗ "ಸ್ವೀಕರಿಸಲಾಗಿದೆ" ಎಂದು ತೋರಿಸದೆ, ಮೇಲೆ ಅಮ್ಮನಿಗೆ ಬರೆದಂಥ ಸಂದೇಶವನ್ನು ಅಲ್ಲೇ, ಆಗಲೇ ತೋರಿಸಬೇಕು. ತುಂಬಿದ ಹೆಸರು, ನಂಬರ್ ಅಳಿಸಿಹೋಗಬಾರದು. ಅಪ್‌ಲೋಡ್ ಬಟನ್ ಪಕ್ಕದಲ್ಲಿ ಮೊದಲೇ ಒಂದು ಸಾಲು ಇರಲಿ: "ಇಲ್ಲಿ ಬರೆದ ದೂರು ಮಾತ್ರ ಓದಲಾಗುತ್ತದೆ. ವಾಯ್ಸ್ ರೆಕಾರ್ಡಿಂಗ್ ಕೇಳಲು ಆಗುವುದಿಲ್ಲ."

ಬದಲಾವಣೆ ಆದ ಮೇಲೆ ನಾಲ್ಕು ಫೈಲ್ ಹಾಕಿ ನೋಡಿ. ಒಂದು ವಾಟ್ಸಾಪ್ opus. ಅದೇ ಫೈಲ್, ಹೆಸರಿನ ಕೊನೆಗೆ `.txt` ಸೇರಿಸಿದ್ದು. ಇವೆರಡಕ್ಕೂ ಆಡಿಯೋ ಸಂದೇಶವೇ ಬರಬೇಕು. ಮೂರನೆಯದು ನುಡಿಯಲ್ಲಿ ಟೈಪ್ ಮಾಡಿದ ಪತ್ರ, ಇದಕ್ಕೆ ಆಡಿಯೋ ಸಂದೇಶ ಬಂದರೆ ಪರೀಕ್ಷೆ ತಪ್ಪಾಗಿದೆ ಎಂದರ್ಥ. ನಾಲ್ಕನೆಯದು ಸ್ಕ್ಯಾನ್ ಮಾಡಿದ ಪಿಡಿಎಫ್. ಇದಕ್ಕೆ "ಇದರಲ್ಲಿ ಚಿತ್ರ ಮಾತ್ರ ಇದೆ, ದೂರನ್ನು ಟೈಪ್ ಮಾಡಿ" ಎಂಬ ಬೇರೆಯೇ ಉತ್ತರ ಬರಬೇಕು.